ಅದೇ ಒಡವೆ, ಮೂರು ಸಾಲ: ಚಿನ್ನದ ಸಾಲದ ಆರು ವರ್ಷಗಳ ಅನುಭವ

2019ರಿಂದ ಈಚೆಗೆ ಮೂರು ಸಲ ಚಿನ್ನದ ಸಾಲ ತೆಗೆದುಕೊಂಡಿದ್ದೇನೆ. ಮೂರು ಸಲವೂ ಅಡವಿಟ್ಟದ್ದು ಅವೇ ಒಡವೆಗಳನ್ನು: ಹರಳು ಕೂಡಿಸಿದ ಒಂದು ನೆಕ್ಲೇಸು, ಒಂದು ಜೊತೆ ಬಳೆ, ಒಂದು ಸರ. ಮೊದಲ ಎರಡು ಸಲ ಖಾಸಗಿ ಹಣಕಾಸು ಸಂಸ್ಥೆಯಲ್ಲಿ ಇಟ್ಟೆ, ಮೂರನೆಯ ಸಲ ಬ್ಯಾಂಕಿನಲ್ಲಿ. ಎರಡನೆಯ ಸಾಲದಲ್ಲಿ ಹರಾಜಿನ ನೋಟಿಸು ಮನೆ ಬಾಗಿಲಿಗೆ ಬಂದಿತ್ತು. ಚಿನ್ನ ಅದೇ, ತೂಕ ಅದೇ ಆಗಿದ್ದೂ ಒಂದು ಸಾಲ ಸುಸೂತ್ರವಾಗಿ ತೀರಿ, ಇನ್ನೊಂದು ಹರಾಜಿನ ಅಂಚಿಗೆ ಹೋದದ್ದು ಹೇಗೆ ಎಂಬುದನ್ನು ಲೆಕ್ಕ ಸಮೇತ ಹೇಳುತ್ತೇನೆ.

ಮೊದಲು ತೂಕದ ಮಾತು. ನನ್ನ ಒಡವೆಗಳು ತಕ್ಕಡಿಯ ಮೇಲೆ 52 ಗ್ರಾಂ ತೂಗಿದವು. ಸಾಲಕ್ಕೆ ಲೆಕ್ಕ ಹಿಡಿದದ್ದು 46 ಗ್ರಾಂ. ಹರಳು, ಬಳೆಯೊಳಗಿನ ಅರಗು, ಬೆಸುಗೆ ಎಂದು 6 ಗ್ರಾಂ ಕಳೆದರು. ಆಗ ನನಗೆ ಇದು ಮೋಸವೆನಿಸಿತ್ತು, ಆದರೆ ಕಳೆಯುವುದು ನ್ಯಾಯವೇ. ಸಾಲ ಕೊಡುವವರಿಗೆ ಬೇಕಾದದ್ದು ಕರಗಿಸಿದರೆ ಉಳಿಯುವ ಚಿನ್ನ ಮಾತ್ರ. ಕೂಲಿ, ಕುಸುರಿ, ಹರಳಿನ ಬೆಲೆಗೆ ಅಲ್ಲಿ ಜಾಗವಿಲ್ಲ. ಆದ್ದರಿಂದ ಕಳೆದರೆಂದು ಬೇಸರಪಡುವುದಕ್ಕಿಂತ, ಎಷ್ಟು ಕಳೆದರು, ಯಾವ ಒಡವೆಯಲ್ಲಿ ಕಳೆದರು, ಅದನ್ನು ಬರೆದು ಕೊಟ್ಟರೇ ಎಂದು ನೋಡಬೇಕು. ಒಂದು ಗ್ರಾಂ ಹೆಚ್ಚು ಕಳೆದರೂ ಸಾಲದ ಮೊತ್ತ ಇಳಿಯುತ್ತದೆ. ಅದಕ್ಕಿಂತ ದೊಡ್ಡ ತೊಂದರೆ ಹರಾಜಿನಲ್ಲಿ ಬರುತ್ತದೆ, ಏಕೆಂದರೆ ಅಲ್ಲಿ ಒಡವೆಗೆ ಬೆಲೆ ಕಟ್ಟುವುದು ಚೀಟಿಯಲ್ಲಿರುವ ನಿವ್ವಳ ತೂಕದ ಮೇಲೆಯೇ.

ಶುದ್ಧತೆಯನ್ನು ಒರೆಗಲ್ಲಿಗೆ ಉಜ್ಜಿ, ಆಮ್ಲದ ಹನಿ ಬಿಟ್ಟು ನೋಡಿದರು. 916 ಮುದ್ರೆ ಇದ್ದುದರಿಂದ 22 ಕ್ಯಾರೆಟ್ ಎಂದು ಒಪ್ಪಿಕೊಂಡರು. ಬೆಲೆಯನ್ನು ಅಂಗಡಿಯ ಫಲಕದಲ್ಲಿ ಕಾಣುವ ಆ ದಿನದ ದರದಿಂದ ಕಟ್ಟುವುದಿಲ್ಲ. ಆಗಿನ ನಿಯಮದಂತೆ ಹಿಂದಿನ 30 ದಿನಗಳ ಸರಾಸರಿ ದರ ಹಿಡಿಯುತ್ತಿದ್ದರು. ರಿಸರ್ವ್ ಬ್ಯಾಂಕು 2025ರ ಜೂನ್‌ನಲ್ಲಿ ಹೊರಡಿಸಿದ ಹೊಸ ನಿರ್ದೇಶನದಲ್ಲಿ 30 ದಿನಗಳ ಸರಾಸರಿ, ಹಿಂದಿನ ದಿನದ ಮುಕ್ತಾಯದ ದರ, ಇವೆರಡರಲ್ಲಿ ಯಾವುದು ಕಡಿಮೆಯೋ ಅದನ್ನೇ ಹಿಡಿಯಬೇಕೆಂದಿದೆ. ಬೆಲೆ ಏರುತ್ತಿರುವಾಗ ಸರಾಸರಿ ಕಡಿಮೆ ಇರುತ್ತದೆ, ಇಳಿಯುತ್ತಿರುವಾಗ ನಿನ್ನೆಯ ದರ ಕಡಿಮೆ ಇರುತ್ತದೆ. ಹಾಗಾಗಿ ಪತ್ರಿಕೆಯಲ್ಲಿ ಕಂಡ ದರದಿಂದ ಮನೆಯಲ್ಲೇ ಲೆಕ್ಕ ಹಾಕಿಕೊಂಡು ಹೋದವರಿಗೆ ಕೌಂಟರಿನಲ್ಲಿ ಕೈಗೆ ಬರುವ ಮೊತ್ತ ಸಾಮಾನ್ಯವಾಗಿ ಕಡಿಮೆಯೇ ಆಗಿರುತ್ತದೆ.

2019ರ ಮೊದಲ ಸಾಲದಲ್ಲಿ ದರ ಗ್ರಾಂಗೆ ಸುಮಾರು 3,000 ರೂಪಾಯಿ ಇತ್ತು. 46 ಗ್ರಾಂಗೆ 1,38,000. ಮಿತಿ ಶೇಕಡ 75 ಆಗಿದ್ದರಿಂದ 1,03,500 ರೂಪಾಯಿವರೆಗೆ ಸಿಗುತ್ತಿತ್ತು. ನಾನು ಒಂದು ಲಕ್ಷ ತೆಗೆದುಕೊಂಡೆ. ಜಾಹೀರಾತಿನಲ್ಲಿ ಬಡ್ಡಿ ವರ್ಷಕ್ಕೆ ಶೇಕಡ 9 ಎಂದಿತ್ತು. ಏಳು ತಿಂಗಳು ಏನನ್ನೂ ಕಟ್ಟದೆ, ಒಟ್ಟಿಗೆ ತೀರಿಸಲು ಹೋದೆ. ನನ್ನ ಲೆಕ್ಕದಲ್ಲಿ ಬಡ್ಡಿ 5,250 ರೂಪಾಯಿ. ಅವರು ಕೇಳಿದ್ದು 10,500.

ಸುಳ್ಳು ಲೆಕ್ಕವೇನೂ ಅದಲ್ಲ. ಶೇಕಡ 9 ಎಂಬುದು ತಿಂಗಳು ತಿಂಗಳೂ ಬಡ್ಡಿ ಕಟ್ಟುವವರಿಗೆ ಕೊಡುವ ರಿಯಾಯಿತಿ ದರ. ಮೂರು ತಿಂಗಳು ದಾಟಿದರೆ ಒಂದು ಮೆಟ್ಟಿಲು, ಆರು ತಿಂಗಳು ದಾಟಿದರೆ ಮೇಲಿನ ಮೆಟ್ಟಿಲು. ಅಲ್ಲಿ ದರ ಶೇಕಡ 18. ಮೆಟ್ಟಿಲು ಏರಿದಾಗ ಹೊಸ ದರ ಅಂದಿನಿಂದ ಅಲ್ಲ, ಸಾಲ ಪಡೆದ ಮೊದಲ ದಿನದಿಂದಲೇ ಅನ್ವಯವಾಗುತ್ತದೆ ಎಂದು ಚೀಟಿಯ ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿತ್ತು. ನಾನು ಓದಿರಲಿಲ್ಲ. ಈ ಒಂದು ಸಾಲು ಓದಿದ್ದರೆ ತಿಂಗಳಿಗೆ 750 ರೂಪಾಯಿ ಕಟ್ಟಿ ಸುಮ್ಮನಿರುತ್ತಿದ್ದೆ. ಈಗ ಸಾಲದ ಮುಖ್ಯ ವಿವರಗಳ ಪತ್ರವನ್ನು ಮುಂಚಿತವಾಗಿ ಕೊಡುವುದು ಕಡ್ಡಾಯ. ಅದನ್ನು ಕೈಗೆ ತೆಗೆದುಕೊಂಡಾಗ ಇದೊಂದು ಪ್ರಶ್ನೆಯನ್ನು ಕೇಳಲೇಬೇಕು: ಆರು ತಿಂಗಳು ಏನೂ ಕಟ್ಟದಿದ್ದರೆ, ಏಳನೆಯ ತಿಂಗಳು ಒಟ್ಟು ಎಷ್ಟು ರೂಪಾಯಿ ಕೊಡಬೇಕಾಗುತ್ತದೆ? ಉತ್ತರ ಶೇಕಡದಲ್ಲಿ ಬೇಡ, ರೂಪಾಯಿಯಲ್ಲಿ ಬೇಕು.

ಎರಡನೆಯ ಸಾಲ 2020ರ ಆಗಸ್ಟ್‌ನದು. ಚಿನ್ನದ ಬೆಲೆ ಅದುವರೆಗೆ ಕಂಡಿರದ ಎತ್ತರಕ್ಕೆ ಹೋಗಿದ್ದ ತಿಂಗಳು ಅದು. ಗ್ರಾಂಗೆ ಸರಾಸರಿ 4,800 ರೂಪಾಯಿ ಹಿಡಿದರು. ಒಡವೆಯ ಬೆಲೆ 2,20,800 ಆಯಿತು. ಶೇಕಡ 75ರಂತೆ 1,65,600. ಹಣದ ಅಗತ್ಯ ಹೆಚ್ಚಿತ್ತು, ಮಿತಿಯ ತುದಿಯವರೆಗೆ ಹೋಗಿ 1,65,000 ತೆಗೆದುಕೊಂಡೆ. ಆ ಲಾಕ್‌ಡೌನ್ ವರ್ಷದಲ್ಲಿ ಈ ಸಲವೂ ಬಡ್ಡಿ ಕಟ್ಟಲಾಗಲಿಲ್ಲ.

ಮುಂದಿನ ಏಳು ತಿಂಗಳಲ್ಲಿ ಎರಡು ಸಂಗತಿಗಳು ಒಟ್ಟಿಗೆ ನಡೆದವು. ಶೇಕಡ 18ರಂತೆ ಬಡ್ಡಿ 17,325 ಸೇರಿ ಬಾಕಿ 1,82,325ಕ್ಕೆ ಏರಿತು. ಅತ್ತ ಚಿನ್ನ ಇಳಿಯುತ್ತ ಬಂದು 2021ರ ಮಾರ್ಚ್‌ನಲ್ಲಿ ಗ್ರಾಂಗೆ 4,100ರ ಆಸುಪಾಸಿಗೆ ಬಂತು. ನನ್ನ ಒಡವೆಯ ಬೆಲೆ 1,88,600ಕ್ಕೆ ಕುಗ್ಗಿತು. ಸಾಲ ಪಡೆದ ದಿನ ನಡುವೆ 55 ಸಾವಿರ ರೂಪಾಯಿಗೂ ಹೆಚ್ಚಿನ ಅಂತರವಿತ್ತು. ಏಳು ತಿಂಗಳಲ್ಲಿ ಉಳಿದದ್ದು ಆರು ಸಾವಿರ ಚಿಲ್ಲರೆ. ಇನ್ನೊಂದೆರಡು ತಿಂಗಳ ಬಡ್ಡಿ ಅಥವಾ ಬೆಲೆಯ ಇನ್ನೊಂದು ಸಣ್ಣ ಇಳಿಕೆ, ಅಷ್ಟಾದರೆ ಒಡವೆ ಮಾರಿದರೂ ಸಾಲ ತೀರದು. ಆದ್ದರಿಂದಲೇ ಸಂಸ್ಥೆ ಕಾಯಲಿಲ್ಲ, ನೋಟಿಸು ಕಳುಹಿಸಿತು.

ಆ ನೋಟಿಸು ಓದಿದ ದಿನ ಒಡವೆ ಹೋಯಿತೆಂದೇ ಅಂದುಕೊಂಡೆ. ಅದು ತಪ್ಪು ತಿಳಿವಳಿಕೆ. ಭಾರತೀಯ ಒಪ್ಪಂದ ಕಾಯ್ದೆ, 1872ರ 177ನೆಯ ಕಲಂ ಪ್ರಕಾರ, ಗಡುವು ಮೀರಿದ ಮೇಲೂ ವಸ್ತು ನಿಜವಾಗಿ ಮಾರಾಟವಾಗುವವರೆಗೆ ಬಾಕಿಯನ್ನೂ ತಡವಾದದ್ದರಿಂದ ಆದ ಖರ್ಚನ್ನೂ ಕೊಟ್ಟು ಬಿಡಿಸಿಕೊಳ್ಳುವ ಹಕ್ಕು ಅಡವಿಟ್ಟವರಿಗೆ ಇದೆ. ನೋಟಿಸಿನಲ್ಲಿರುವ ದಿನಾಂಕ ಬಾಗಿಲು ಮುಚ್ಚುವ ದಿನವಲ್ಲ, ಮಾರಾಟಕ್ಕೆ ಇಡುವ ದಿನ. ಪೂರ್ತಿ ಬಿಡಿಸಿಕೊಳ್ಳಲು ನನ್ನಲ್ಲಿ ಹಣವಿರಲಿಲ್ಲ. ಶಾಖೆಗೆ ಹೋಗಿ ಕೇಳಿದೆ: ಬಡ್ಡಿಯನ್ನು ಪೂರ್ತಿ ಕಟ್ಟಿ ಅಸಲಿನಲ್ಲಿ 40,000 ಇಳಿಸಿದರೆ ಸಾಲ ಮುಂದುವರಿಸುವಿರಾ? ಒಪ್ಪಿಕೊಂಡರು. ಕಟ್ಟಿದ ಹಣ 57,325. ಉಳಿದ ಅಸಲು 1,25,000, ಅಂದಿನ ಬೆಲೆಯ ಮೂರನೆಯ ಎರಡು ಭಾಗದಷ್ಟು. ಹರಾಜಿನಿಂದ ಒಡವೆಯನ್ನು ಹಿಂತೆಗೆದ ಬಗ್ಗೆ ಬರೆಹದಲ್ಲಿ ಪಡೆದೆ. ರಸೀದಿ ಮಾತ್ರ ಸಾಲದು, ಏಕೆಂದರೆ ಹರಾಜಿನ ಪಟ್ಟಿ ಸಿದ್ಧವಾಗುವುದು ಶಾಖೆಯಲ್ಲೇ ಆಗಿರಬೇಕೆಂದಿಲ್ಲ. ಇಲ್ಲಿ ಕಟ್ಟಿದ ಹಣ ಅಲ್ಲಿ ತಿಳಿಯದೆ ಹೋದರೆ ಒಡವೆ ಮಾರಾಟವಾಗಿಬಿಡುತ್ತದೆ.

ಹರಾಜಿಗೂ ಕಟ್ಟುಪಾಡುಗಳಿವೆ. ಮುಂಚಿತವಾಗಿ ನೋಟಿಸು ಕೊಡಬೇಕು, ಎರಡು ಪತ್ರಿಕೆಗಳಲ್ಲಿ ಪ್ರಕಟಿಸಬೇಕು. ಹೊಸ ನಿರ್ದೇಶನದಂತೆ ಕನಿಷ್ಠ ಬೆಲೆ ಅಂದಿನ ಮೌಲ್ಯದ ಶೇಕಡ 90ಕ್ಕಿಂತ ಕಡಿಮೆ ಇರಬಾರದು. ಎರಡು ಸಲ ಹರಾಜು ವಿಫಲವಾದರೆ ಮಾತ್ರ 85ಕ್ಕೆ ಇಳಿಸಬಹುದು. ಬಾಕಿ ಕಳೆದು ಉಳಿದ ಹಣ ಸಾಲಗಾರರದ್ದೇ; ಹರಾಜಿನ ಪೂರ್ಣ ಹಣ ಬಂದ 7 ಕೆಲಸದ ದಿನಗಳೊಳಗೆ ಅದನ್ನು ಕೊಡಬೇಕು. ಕಡಿಮೆ ಬಿದ್ದರೆ ಆ ಕೊರತೆಯೂ ನಮ್ಮದೇ ಎಂಬುದನ್ನು ಮರೆಯಬಾರದು. ನನ್ನ ಒಡವೆ 1,88,600ರ ಶೇಕಡ 90ಕ್ಕೆ ಹೋಗಿದ್ದರೆ ಬರುತ್ತಿದ್ದುದು 1,69,740. ಒಡವೆಯೂ ಹೋಗಿ, 12,585 ರೂಪಾಯಿ ಸಾಲವೂ ಉಳಿಯುತ್ತಿತ್ತು.

ಹೊಸ ನಿಯಮದಲ್ಲಿ ನನಗೆ ನಿಜಕ್ಕೂ ಸಮಾಧಾನ ಕೊಟ್ಟದ್ದು ಒಂದು ಅಂಶ. 2.5 ಲಕ್ಷದವರೆಗಿನ ಸಾಲಕ್ಕೆ ಮಿತಿಯನ್ನು ಶೇಕಡ 85ಕ್ಕೆ ಏರಿಸಿದ್ದಾರೆ ಎಂಬುದೇ ಎಲ್ಲೆಡೆ ಸುದ್ದಿಯಾಯಿತು. ಆದರೆ ಕೊನೆಯಲ್ಲಿ ಒಟ್ಟಿಗೆ ತೀರಿಸುವ ಸಾಲಗಳಲ್ಲಿ ಆ ಮಿತಿಯನ್ನು ಅಸಲಿಗಲ್ಲ, ಅವಧಿ ಮುಗಿದಾಗ ಕೊಡಬೇಕಾದ ಅಸಲು ಮತ್ತು ಬಡ್ಡಿಯ ಒಟ್ಟು ಮೊತ್ತಕ್ಕೆ ಹಿಡಿಯಬೇಕು. 2020ರ ನನ್ನ ಸಾಲಕ್ಕೆ ಈ ಲೆಕ್ಕ ಹಾಕಿ ನೋಡಿದೆ. 2,20,800ರ ಶೇಕಡ 85 ಎಂದರೆ 1,87,680. ಒಂದು ವರ್ಷಕ್ಕೆ ಶೇಕಡ 18ರ ಬಡ್ಡಿಯೂ ಅದರೊಳಗೇ ಅಡಗಬೇಕಾದರೆ ಅಸಲು ಸುಮಾರು 1,59,000 ಮಾತ್ರ. ಮಿತಿ ಏರಿದಂತೆ ಕಂಡರೂ ನನಗೆ ಆರು ಸಾವಿರ ಕಡಿಮೆಯೇ ಸಿಗುತ್ತಿತ್ತು, ಅದು ನನ್ನ ಒಳ್ಳೆಯದಕ್ಕೇ ಆಗುತ್ತಿತ್ತು. ಎಲ್ಲ ಸಂಸ್ಥೆಗಳೂ 2026ರ ಏಪ್ರಿಲ್ 1ರೊಳಗೆ ಈ ನಿರ್ದೇಶನಕ್ಕೆ ಹೊಂದಿಕೊಳ್ಳಬೇಕೆಂದು ಹೇಳಲಾಗಿತ್ತು.

2024ರ ಮೂರನೆಯ ಸಾಲದಲ್ಲಿ ನಾನೇ ಅಂತರ ಇಟ್ಟುಕೊಂಡೆ. ಗ್ರಾಂಗೆ 6,600ರಂತೆ ಒಡವೆಯ ಬೆಲೆ 3,03,600. 2,27,000ದವರೆಗೆ ಸಿಗುತ್ತಿದ್ದರೂ 1,50,000 ಮಾತ್ರ ಪಡೆದು, ತಿಂಗಳಿಗೆ 1,125 ರೂಪಾಯಿ ಬಡ್ಡಿ ತಪ್ಪದೆ ಕಟ್ಟಿದೆ. ಆ ಸಾಲದಲ್ಲಿ ಹೇಳುವಂಥದ್ದು ಏನೂ ನಡೆಯಲಿಲ್ಲ.

ಬಿಡಿಸಿಕೊಳ್ಳುವ ದಿನದ ಬಗ್ಗೆ ಮಾತ್ರ ಹೇಳಲೇಬೇಕು. 2019ರಲ್ಲಿ ಒಡವೆ ವಾಪಸು ಬಂದಾಗ ನೆಕ್ಲೇಸಿನ ಕೊಂಡಿ ಬಾಗಿತ್ತು, ಒಂದು ಹರಳು ಇರಲಿಲ್ಲ. ಚೀಟಿ ನೋಡಿದರೆ "ನೆಕ್ಲೇಸು 1, ಬಳೆ 2, ಸರ 1, ಒಟ್ಟು 52 ಗ್ರಾಂ" ಎಂದಷ್ಟೇ ಇತ್ತು. ಹರಳು ಮೊದಲೇ ಇರಲಿಲ್ಲ ಎಂದರು. ಇತ್ತು ಎನ್ನಲು ನನ್ನಲ್ಲಿ ಆಧಾರವಿರಲಿಲ್ಲ. ಆಮೇಲಿನ ಎರಡೂ ಸಲ ಒಂದೊಂದು ಒಡವೆಯ ತೂಕವನ್ನು ಬೇರೆ ಬೇರೆಯಾಗಿ ಬರೆಸಿದೆ, ಹರಳುಗಳನ್ನು ಎಣಿಸಿ ನಮೂದಿಸಿದೆ, ತಕ್ಕಡಿಯ ಮೇಲಿದ್ದಾಗಲೇ ಅಂಕಿ ಕಾಣುವಂತೆ ಮೊಬೈಲಿನಲ್ಲಿ ಚಿತ್ರ ತೆಗೆದುಕೊಂಡೆ. ಪೊಟ್ಟಣಕ್ಕೆ ಸೀಲು ಹಾಕಿದ್ದು ನನ್ನ ಕಣ್ಣೆದುರೇ, ಅದರ ಮೇಲೆ ನನ್ನ ಸಹಿಯೂ ಇತ್ತು. ಈಗಂತೂ ಪರಿಶೀಲನೆಯ ಹೊತ್ತಿಗೆ ಸಾಲಗಾರರು ಎದುರಿಗಿರಬೇಕು, ಒಟ್ಟು ತೂಕ, ನಿವ್ವಳ ತೂಕ, ಕಡಿತ, ಒಡವೆಯ ಚಿತ್ರ ಎಲ್ಲವೂ ಇರುವ ಪ್ರಮಾಣಪತ್ರ ಕೊಡಬೇಕು ಎಂದೇ ನಿಯಮವಿದೆ.

ಹಣ ಪೂರ್ತಿ ಕಟ್ಟಿದ ದಿನವೇ, ತಡವಾದರೆ 7 ಕೆಲಸದ ದಿನಗಳೊಳಗೆ ಒಡವೆ ಕೊಡಬೇಕು. ಸಂಸ್ಥೆಯ ಕಾರಣದಿಂದ ಮೀರಿದರೆ ದಿನಕ್ಕೆ 5,000 ರೂಪಾಯಿ ಪರಿಹಾರ. ಹಾಗಿದ್ದರೂ ಕಟ್ಟುವ ಮುನ್ನ ಪೊಟ್ಟಣ ಆ ಶಾಖೆಯಲ್ಲೇ ಇದೆಯೇ ಎಂದು ಫೋನು ಮಾಡಿ ಕೇಳುತ್ತೇನೆ. ಬ್ಯಾಂಕಿನಲ್ಲಾದರೆ ಇನ್ನೊಂದು ವಿಷಯ: ಅಲ್ಲಿ ಬೇರೆ ಸಾಲದ ಕಂತು ಬಾಕಿ ಇದ್ದರೆ, ಚಿನ್ನದ ಸಾಲ ತೀರಿದರೂ ಒಡವೆಯನ್ನು ತಡೆಹಿಡಿಯುವ ಹಕ್ಕು ತನಗಿದೆಯೆಂದು ಬ್ಯಾಂಕು ವಾದಿಸಬಹುದು. ನನ್ನ ಹೆಸರಿನಲ್ಲಿ ಅಂಥ ಬಾಕಿ ಇಲ್ಲವೆಂದು ಮೊದಲೇ ಕೇಳಿ ತಿಳಿದುಕೊಂಡಿದ್ದೆ.

2025ರಲ್ಲಿ ಬಿಡಿಸಿಕೊಂಡಾಗ ಸೀಲನ್ನು ನಾನೇ ನೋಡಿದೆ, ಸಹಿ ನನ್ನದೇ ಇತ್ತು. ಪೊಟ್ಟಣ ಒಡೆದು, ಚೀಟಿಯನ್ನು ಪಕ್ಕದಲ್ಲಿಟ್ಟು ಒಂದೊಂದನ್ನೇ ತೂಗಿದೆವು. ಹರಳುಗಳನ್ನು ಎರಡು ಸಲ ಎಣಿಸಿದೆ. ಲೆಕ್ಕ ಕೂಡಿದ ಮೇಲೆಯೇ ಒಡವೆ ತಲುಪಿತೆಂಬ ಪುಸ್ತಕಕ್ಕೆ ಸಹಿ ಹಾಕಿದೆ. ಸಿಬ್ಬಂದಿ ಸಾಲ ಮುಕ್ತಾಯದ ಪತ್ರ ಕೊಟ್ಟು, ಹಳೆಯ ಚೀಟಿಗೆ ಅಡ್ಡಗೆರೆ ಎಳೆದು ಹಿಂದಿರುಗಿಸಿದರು.