ಮೀಟರಿನ ಎರಡು ಫೋಟೋ ಗುಣಿಸಿ ತೋರಿಸಿದ ವ್ಯಾಟ್ ನಂಬಿ ಹಳೆಯ ಸೋಲಾರ್ ಪ್ಯಾನೆಲ್ ಕೊಳ್ಳಬೇಡಿ

ಒಂದು ಫೋಟೋದಲ್ಲಿ ವೋಲ್ಟೇಜು, ಇನ್ನೊಂದರಲ್ಲಿ ಕರೆಂಟು ತೋರಿಸಿ, ಎರಡನ್ನೂ ಗುಣಿಸಿ, ಬಂದ ಅಂಕಿಯನ್ನೇ ಪ್ಯಾನೆಲಿನ ವ್ಯಾಟ್ ಎಂದು ಹೇಳಿ ಹಳೆಯ ಸೋಲಾರ್ ಪ್ಯಾನೆಲ್ ಮಾರುವವರಿದ್ದಾರೆ. ಸಾಗರ ತಾಲ್ಲೂಕಿನ ತೋಟದ ಮನೆಯಲ್ಲಿರುವ ನನ್ನ ಭಾವನವರು ಅಂಥ ಒಬ್ಬರಿಂದ 100 ವ್ಯಾಟಿನ ನಾಲ್ಕು ಪ್ಯಾನೆಲುಗಳನ್ನು ತರಿಸಿ ದುಡ್ಡು ಕಳೆದುಕೊಂಡಿದ್ದಾರೆ. ಮಾರಿದವರ ಹೆಸರು ಇಲ್ಲಿ ಬೇಡ. ಅವರು ಕಳುಹಿಸಿದ ಫೋಟೋಗಳಲ್ಲಿದ್ದ ಅಂಕಿಗಳು ಸುಳ್ಳಾಗಿರಲಿಲ್ಲ ಎಂಬುದೇ ಈ ಪ್ರಕರಣದ ವಿಶೇಷ. ಅಂಕಿಗಳು ನಿಜವಾಗಿದ್ದೂ ಲೆಕ್ಕ ಹೇಗೆ ಸುಳ್ಳಾಗುತ್ತದೆ ಎಂಬುದನ್ನು, ಐಟಿಐಯಲ್ಲಿ ಎಲೆಕ್ಟ್ರಿಷಿಯನ್ ವಿಭಾಗಕ್ಕೆ ಪಾಠ ಹೇಳುವವನಾಗಿ, ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ಮೊದಲ ಫೋಟೋದಲ್ಲಿ ಮೀಟರಿನ ಪರದೆಯ ಮೇಲೆ 20.4 ಎಂದಿತ್ತು, ಎರಡನೆಯದರಲ್ಲಿ 5.60 ಎಂದಿತ್ತು. ಅದರ ಕೆಳಗೆ ಮಾರಾಟಗಾರರು ಬರೆದದ್ದು ಇಷ್ಟು:

```
P = V × I = 20.4 × 5.60 = 114.24 W
R = V / I = 20.4 / 5.60 = 3.64 Ω
```

ನೂರು ವ್ಯಾಟಿನ ಹಳೆಯ ಪ್ಯಾನೆಲು ನೂರಕ್ಕಿಂತ ಹೆಚ್ಚೇ ಕೊಡುತ್ತಿದೆ, ಒಳಗಿನ ರೆಸಿಸ್ಟೆನ್ಸ್ ಕೂಡ ಮಿತಿಯಲ್ಲೇ ಇದೆ ಎಂದು ಅವರು ಅರ್ಥ ಹೇಳಿದ್ದರು. ಸೂತ್ರಗಳೆರಡೂ ಸರಿ, ಗುಣಾಕಾರ ಭಾಗಾಕಾರಗಳೂ ಸರಿ. ಆದರೂ ಈ ಎರಡು ಉತ್ತರಗಳಿಗೆ ಆ ಪ್ಯಾನೆಲಿನ ಮಟ್ಟಿಗೆ ಯಾವ ಅರ್ಥವೂ ಇಲ್ಲ.

ಲೆಕ್ಕಕ್ಕೆ ಹೋಗುವ ಮುನ್ನ ಫೋಟೋವನ್ನು ಓದುವುದರಲ್ಲೇ ಒಂದು ತೊಡಕಿದೆ. ಅಂಗಡಿಗಳಲ್ಲಿ ಕಡಿಮೆ ಬೆಲೆಗೆ ಸಿಗುವ ಹಳದಿ ಬಣ್ಣದ DT830 ಮಾದರಿಯ ಮೀಟರುಗಳು ಪರದೆಯ ಮೇಲೆ ಬರಿಯ ಅಂಕಿಯನ್ನು ತೋರಿಸುತ್ತವೆ. ಅದು ವೋಲ್ಟೋ ಆಂಪಿಯರೋ ಮಿಲಿಆಂಪಿಯರೋ ಎಂಬುದು ನಡುವಿನ ಗುಂಡಿ ಎಲ್ಲಿಗೆ ತಿರುಗಿದೆ ಎಂಬುದರಿಂದ ಮಾತ್ರ ತಿಳಿಯುತ್ತದೆ. ಗುಂಡಿ 10A ಜಾಗದಲ್ಲಿದ್ದು ಕೆಂಪು ವೈರು 10A ತೂತಿನಲ್ಲಿದ್ದರೆ 5.60 ಎಂದರೆ 5.60 ಆಂಪಿಯರ್. ಅದೇ ಗುಂಡಿ 20m ಎಂಬಲ್ಲಿದ್ದರೆ ಪರದೆಯಲ್ಲಿ ಕಾಣುವುದು ಅದೇ 5.60, ಅದೇ ಜಾಗದಲ್ಲಿ ಅದೇ ಚುಕ್ಕಿ; ಆದರೆ ಅಳತೆ 5.60 ಮಿಲಿಆಂಪಿಯರ್, ಅಂದರೆ ಸಾವಿರದಲ್ಲಿ ಒಂದು ಪಾಲು. ಭಾವನವರಿಗೆ ಬಂದ ಎರಡನೆಯ ಫೋಟೋದಲ್ಲಿ ಪರದೆ ಮಾತ್ರ ಇತ್ತು, ಗುಂಡಿಯೂ ಇರಲಿಲ್ಲ, ವೈರು ಚುಚ್ಚಿದ ತೂತುಗಳೂ ಇರಲಿಲ್ಲ. ಇಂಥ ಫೋಟೋದಿಂದ ಯಾವ ಲೆಕ್ಕವನ್ನೂ ಶುರುಮಾಡಲೇಬಾರದು. ನಾವು ಆಮೇಲೆ ಅಳೆದು ನೋಡಿದಾಗ ಅದು ಆಂಪಿಯರೇ ಆಗಿತ್ತು ಎಂಬುದು ಬೇರೆ ಮಾತು.

ವೋಲ್ಟೇಜಿನ ಫೋಟೋದಲ್ಲಿ ಮಾತ್ರ ಅಂಕಿಯೇ ಸ್ವಲ್ಪ ಸುಳಿವು ಕೊಡುತ್ತದೆ. ಈ ಮೀಟರು 20 ವೋಲ್ಟಿನ ಜಾಗದಲ್ಲಿ 19.99ರವರೆಗೆ ಮಾತ್ರ ತೋರಿಸಿ, ಅದನ್ನು ದಾಟಿದರೆ ಎಡಗಡೆ ಬರೀ 1 ತೋರಿಸಿ ಸುಮ್ಮನಾಗುತ್ತದೆ. ಆದ್ದರಿಂದ 20.4 ಎಂದು ಒಂದೇ ದಶಾಂಶ ಕಂಡರೆ ಗುಂಡಿ 200 ವೋಲ್ಟಿನ ಜಾಗದಲ್ಲಿದೆ ಎಂದು ಊಹಿಸಬಹುದು. ಇನ್ನೊಂದು ಮಾತು: ಈ ದರ್ಜೆಯ ಮೀಟರು 10 ಆಂಪಿಯರಿನ ಜಾಗದಲ್ಲಿ ಶೇ. 3ರಷ್ಟು ಆಚೀಚೆ ತೋರಿಸುವುದು ಸಹಜ. ಹಾಗಿರುವಾಗ 114.24 ಎಂದು ಎರಡು ದಶಾಂಶ ಬರೆಯುವುದು ಕ್ಯಾಲ್ಕ್ಯುಲೇಟರಿನ ಜಂಬವೇ ಹೊರತು ಅಳತೆಯ ನಿಖರತೆಯಲ್ಲ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಮೊದಲ ಫೋಟೋ ತೆಗೆಯುವಾಗ ಪ್ಯಾನೆಲಿಗೆ ಮೀಟರನ್ನು ಬಿಟ್ಟು ಬೇರೇನೂ ಜೋಡಿಸಿರಲಿಲ್ಲ. ಆಗ ವೋಲ್ಟೇಜು 20.4 ಇದ್ದರೂ ಹರಿಯುತ್ತಿದ್ದ ಕರೆಂಟು ಸೊನ್ನೆ. ಎರಡನೆಯ ಫೋಟೋದಲ್ಲಿ ಆಂಪಿಯರ್ ಮೀಟರಿನ ಮೂಲಕ ಪ್ಯಾನೆಲಿನ ಎರಡು ತುದಿಗಳನ್ನು ನೇರವಾಗಿ ಸೇರಿಸಲಾಗಿತ್ತು. ಆಗ ಕರೆಂಟು 5.60 ಇದ್ದರೂ ತುದಿಗಳ ನಡುವಿನ ವೋಲ್ಟೇಜು ಹೆಚ್ಚುಕಡಿಮೆ ಸೊನ್ನೆ. ಅಂದರೆ ಎರಡು ಫೋಟೋಗಳಲ್ಲೂ ಪ್ಯಾನೆಲು ಹೊರಗೆ ಕೊಡುತ್ತಿದ್ದ ಪವರ್ ಸೊನ್ನೆಯೇ. ಈ ಎರಡು ಬೇರೆ ಗಳಿಗೆಗಳಿಂದ ಒಂದೊಂದು ಅಂಕಿಯನ್ನು ಎತ್ತಿಕೊಂಡು ಗುಣಿಸಿದರೆ ಬರುವ 114, ಯಾವ ಗಳಿಗೆಯಲ್ಲೂ ಯಾವ ವೈರಿನಲ್ಲೂ ಹರಿದದ್ದಲ್ಲ. P = V × I ಎಂಬ ಸೂತ್ರದಲ್ಲಿ V ಮತ್ತು I ಒಂದೇ ಹೊತ್ತಿಗೆ, ಒಂದೇ ವಸ್ತುವಿನ ಮೇಲೆ ಅಳೆದವಾಗಿರಬೇಕು. R = V / I ಎಂಬುದಕ್ಕೂ ಅದೇ ಷರತ್ತು; ಹಾಗಾಗಿ 3.64 ಓಮ್ ಎಂಬುದು ಪ್ಯಾನೆಲಿನ ಒಳಗಿನ ರೆಸಿಸ್ಟೆನ್ಸೂ ಅಲ್ಲ, ಇನ್ನಾವುದರದೂ ಅಲ್ಲ.

ಇದಕ್ಕೆ ಸಾಕ್ಷಿ ಪ್ಯಾನೆಲಿನ ಬೆನ್ನ ಮೇಲಿನ ಚೀಟಿಯಲ್ಲೇ ಇತ್ತು. ಅಲ್ಲಿ ಏನೂ ಜೋಡಿಸದಿರುವಾಗಿನ ಓಪನ್ ಸರ್ಕ್ಯೂಟ್ ವೋಲ್ಟೇಜ್ 22.0, ತುದಿಗಳನ್ನು ನೇರವಾಗಿ ಸೇರಿಸಿದಾಗಿನ ಶಾರ್ಟ್ ಸರ್ಕ್ಯೂಟ್ ಕರೆಂಟ್ 6.00 ಎಂದೂ, ಅದರ ಪಕ್ಕದಲ್ಲಿ ಗರಿಷ್ಠ ಪವರ್ ಸಿಗುವಾಗಿನ ವೋಲ್ಟೇಜ್ 18.0, ಕರೆಂಟ್ 5.56 ಎಂದೂ ಬರೆದಿತ್ತು. ಮೊದಲ ಜೋಡಿಯನ್ನು ಗುಣಿಸಿದರೆ 132, ಎರಡನೆಯದನ್ನು ಗುಣಿಸಿದರೆ 100. ಕಂಪನಿಯವರೇ ತಮ್ಮ ಹೊಸ ಪ್ಯಾನೆಲನ್ನು 132 ವ್ಯಾಟಿನದು ಎಂದು ಮಾರಿರಲಿಲ್ಲ, 100 ವ್ಯಾಟಿನದು ಎಂದೇ ಮಾರಿದ್ದರು. ಒಳ್ಳೆಯ ಪ್ಯಾನೆಲಿನಲ್ಲಿ ಮೊದಲ ಜೋಡಿಯ ಗುಣಲಬ್ಧದ ಮುಕ್ಕಾಲು ಪಾಲಿನಷ್ಟು ಮಾತ್ರ ನಿಜವಾಗಿ ಸಿಗುತ್ತದೆ. ಕೆಟ್ಟ ಪ್ಯಾನೆಲಿನಲ್ಲಿ ಆ ಪಾಲು ಎಷ್ಟಕ್ಕೆ ಇಳಿದಿದೆ ಎಂಬುದನ್ನು ಆ ಎರಡು ಫೋಟೋಗಳು ಹೇಳುವುದೇ ಇಲ್ಲ.

ಭಾವನವರು ಪ್ಯಾನೆಲುಗಳನ್ನು ಮಾಡಿನ ಮೇಲೆ ಕೂರಿಸಿದ ಮೇಲೆ, ಸಂಜೆಯಾದರೂ ಬ್ಯಾಟರಿ ತುಂಬುತ್ತಿಲ್ಲ ಎಂದು ನನ್ನನ್ನು ಕರೆದರು. ಪ್ಯಾನೆಲುಗಳನ್ನು ಒಂದೊಂದಾಗಿ ಕೆಳಗಿಳಿಸಿ ಲೋಡ್ ಹಾಕಿ ನೋಡಿದೆವು. ಲೋಡಿಗೆ ಬೇಕಾದದ್ದು ಸುಮಾರು ಮೂರು, ಮೂರೂವರೆ ಓಮಿನ ವಸ್ತು, ಏಕೆಂದರೆ ಚೀಟಿಯ 18.0 ವೋಲ್ಟನ್ನು 5.56ರಿಂದ ಭಾಗಿಸಿದರೆ ಬರುವುದು 3.24. ಲಾರಿ ಹೆಡ್‌ಲೈಟಿನ 24 ವೋಲ್ಟ್ 70 ವ್ಯಾಟ್ ಬಲ್ಬು ಎರಡನ್ನು ಸಮಾಂತರವಾಗಿ ಜೋಡಿಸಿದರೆ ಇದಕ್ಕೆ ಹತ್ತಿರ ಬರುತ್ತದೆ. ಈ ಬಲ್ಬಿನ ರೆಸಿಸ್ಟೆನ್ಸನ್ನು ಮೀಟರಿನ ಓಮ್ ಜಾಗದಲ್ಲಿಟ್ಟು ಅಳೆಯಲು ಹೋಗಬೇಡಿ: ತಣ್ಣಗಿರುವ ಟಂಗ್‌ಸ್ಟನ್ ತಂತಿ ಒಂದು ಓಮಿಗಿಂತಲೂ ಕಡಿಮೆ ತೋರಿಸುತ್ತದೆ, ಉರಿಯುವಾಗ ಅದು ಹತ್ತು ಪಟ್ಟಿನ ಆಸುಪಾಸಿಗೆ ಏರುತ್ತದೆ. ಉರಿಯುವಾಗಿನ V / I ಒಂದೇ ಇಲ್ಲಿ ನಂಬಬಹುದಾದ ಅಂಕಿ.

ಬಿಸಿಲು ನೆತ್ತಿಯ ಮೇಲಿದ್ದಾಗ, ಒಂದು ಮೀಟರನ್ನು ಕರೆಂಟಿಗಾಗಿ ದಾರಿಯ ನಡುವೆ, ಇನ್ನೊಂದನ್ನು ವೋಲ್ಟೇಜಿಗಾಗಿ ಪ್ಯಾನೆಲಿನ ತುದಿಗಳ ಮೇಲೆ ಇಟ್ಟು, ಎರಡನ್ನೂ ಒಟ್ಟಿಗೆ ಓದಿದೆವು. ಹೋಲಿಕೆಗೆಂದು ಪಕ್ಕದ ಮನೆಯವರ ಅದೇ ಅಳತೆಯ ಪ್ಯಾನೆಲನ್ನೂ ತಂದಿದ್ದೆವು. ಅದರದ್ದು ಮೊದಲ ಸಾಲು. ಭಾವನವರು ಕೊಂಡವುಗಳಲ್ಲಿ ತೀರ ಕೆಟ್ಟದ್ದು ಎರಡನೆಯ ಸಾಲು:

```
16.8 V × 4.8 A = 81 W    16.8 / 4.8 = 3.5 Ω
12.6 V × 4.2 A = 53 W    12.6 / 4.2 = 3.0 Ω
```

ಒಳ್ಳೆಯ ಪ್ಯಾನೆಲೂ ನೂರು ಮುಟ್ಟಲಿಲ್ಲ ಎಂಬುದನ್ನು ಗಮನಿಸಬೇಕು. ಚೀಟಿಯ 100 ವ್ಯಾಟ್ ಎಂಬುದು ಪ್ಯಾನೆಲಿನ ಸೆಲ್ಲುಗಳು 25 ಡಿಗ್ರಿ ಸೆಲ್ಸಿಯಸ್‌ನಲ್ಲಿದ್ದಾಗಿನ ಅಳತೆ. ನಮ್ಮ ನಡುಹಗಲಿನಲ್ಲಿ ಅವು 50 ಡಿಗ್ರಿಯನ್ನು ಸುಲಭವಾಗಿ ದಾಟುತ್ತವೆ, ಪ್ರತಿ ಡಿಗ್ರಿಗೂ ಪವರ್ ಶೇ. 0.4ರಷ್ಟು ಇಳಿಯುತ್ತದೆ. ಆದ್ದರಿಂದ 81 ವ್ಯಾಟ್ ಬಂದದ್ದಕ್ಕೆ ಮಾರಿದವರ ಮೇಲೆ ಜಗಳಕ್ಕೆ ಹೋಗುವಂತಿಲ್ಲ. 53ಕ್ಕೆ ಹೋಗಬಹುದು. 3.5 ಮತ್ತು 3.0 ಓಮ್‌ಗಳ ವ್ಯತ್ಯಾಸವೂ ಪ್ಯಾನೆಲಿನದಲ್ಲ: ಅದು ಬಲ್ಬಿನ ರೆಸಿಸ್ಟೆನ್ಸ್, ಎರಡನೆಯ ಸಲ ಬಲ್ಬು ಮಂಕಾಗಿ ಉರಿದುದರಿಂದ ಅಷ್ಟು ಬಿಸಿಯಾಗಲಿಲ್ಲ.

ಮಾರಾಟಗಾರರಿಗೆ ಫೋನು ಮಾಡಿದಾಗ, ‘ನಿಮ್ಮ ಮಲೆನಾಡಿನಲ್ಲಿ ಬಿಸಿಲು ಸಾಲದು ಸಾರ್’ ಎಂಬ ಉತ್ತರ ಬಂತು. ಅದಕ್ಕೆ ಅವರ ಫೋಟೋವೇ ಉತ್ತರ. ಶಾರ್ಟ್ ಸರ್ಕ್ಯೂಟ್ ಕರೆಂಟು ಬಿಸಿಲಿಗೆ ಅನುಗುಣವಾಗಿ ಏರಿಳಿಯುತ್ತದೆ. ನಮ್ಮ ಅಂಗಳದಲ್ಲೂ ಆ ಪ್ಯಾನೆಲು 5.6 ಆಂಪಿಯರೇ ತೋರಿಸಿತು. ಬಿಸಿಲು ಅವರಲ್ಲಿದ್ದಷ್ಟೇ ನಮ್ಮಲ್ಲೂ ಇತ್ತು ಎಂದಾಯಿತು.

ಹಾಗಾದರೆ ಪವರ್ ಎಲ್ಲಿ ಹೋಯಿತು? ಒಳ್ಳೆಯ ಪ್ಯಾನೆಲಿನಿಂದ 4.2 ಆಂಪಿಯರ್ ಎಳೆದಾಗ ಅದರ ತುದಿಗಳಲ್ಲಿ ಸುಮಾರು 17.6 ವೋಲ್ಟ್ ಉಳಿಯುತ್ತಿತ್ತು, ಕೆಟ್ಟದ್ದರಲ್ಲಿ ಉಳಿದದ್ದು 12.6. ನಡುವಿನ 5 ವೋಲ್ಟನ್ನು 4.2ರಿಂದ ಭಾಗಿಸಿದರೆ ಸುಮಾರು 1.2 ಓಮ್. ಪ್ಯಾನೆಲಿನ ಒಳಗೆ ಸೆಲ್ಲುಗಳನ್ನು ಜೋಡಿಸುವ ಪಟ್ಟಿಯಲ್ಲೋ ಬೆಸುಗೆಯಲ್ಲೋ ಸೇರಿಕೊಂಡ ಬೇಡದ ರೆಸಿಸ್ಟೆನ್ಸ್ ಅದು. ಹಿಂಬದಿಯ ಪೆಟ್ಟಿಗೆಯ ಮುಚ್ಚಳ ತೆಗೆದಾಗ ಒಂದು ಬೆಸುಗೆಯ ಸುತ್ತ ಪ್ಲಾಸ್ಟಿಕ್ ಕಂದಾಗಿ ಉಬ್ಬಿರುವುದು ಕಂಡಿತು.

ಈ ದೋಷ ಮಾರಾಟಗಾರರ ಎರಡು ಫೋಟೋಗಳಲ್ಲಿ ಏಕೆ ಕಾಣಲಿಲ್ಲ ಎಂಬುದೂ ಇದರಿಂದಲೇ ತಿಳಿಯುತ್ತದೆ. ಏನೂ ಜೋಡಿಸದಿದ್ದಾಗ ಕರೆಂಟೇ ಇಲ್ಲ, ಆದ್ದರಿಂದ 1.2 ಓಮಿನಲ್ಲಿ ಒಂದು ವೋಲ್ಟೂ ಕಳೆದುಹೋಗುವುದಿಲ್ಲ. ವೋಲ್ಟೇಜು ಪೂರ್ತಿ ಕಾಣುತ್ತದೆ. ತುದಿಗಳನ್ನು ಸೇರಿಸಿದಾಗ ಆ 1.2 ಓಮಿನಲ್ಲಿ 5.6 ಆಂಪಿಯರ್ ಹರಿದು ಸುಮಾರು 6.7 ವೋಲ್ಟ್ ತಿನ್ನುತ್ತದೆ ನಿಜ. ಆದರೆ ಸೆಲ್ಲುಗಳು 15 ವೋಲ್ಟಿನ ಸನಿಹದವರೆಗೂ ಹೆಚ್ಚುಕಡಿಮೆ ಅಷ್ಟೇ ಕರೆಂಟು ಕೊಡುವಂಥವು, ಹಾಗಾಗಿ ಕರೆಂಟು ಇಳಿಯುವುದಿಲ್ಲ. ದೋಷ ತಲೆ ಎತ್ತುವುದು ಇವೆರಡರ ನಡುವೆ, ಲೋಡ್ ಇರುವಾಗ ಮಾತ್ರ.

ಮಾರುವವರಿಂದ ಫೋಟೋ ಕೇಳುವುದಾದರೆ, ಲೋಡ್ ಉರಿಯುತ್ತಿರುವಾಗ ಎರಡು ಮೀಟರುಗಳೂ ಒಂದೇ ಚಿತ್ರದಲ್ಲಿ, ಗುಂಡಿ ಮತ್ತು ತೂತುಗಳು ಕಾಣುವಂತೆ, ಹಳೆಯ ಅಂಕಿಯನ್ನೇ ಪರದೆಯ ಮೇಲೆ ಹಿಡಿದಿಡುವ ಹೋಲ್ಡ್ ಗುರುತು ಇಲ್ಲದೆ ಇರುವುದನ್ನು ಕೇಳಿ. ಮೀಟರು ಒಂದೇ ಇದ್ದರೆ ಬಲ್ಬನ್ನು ಬಿಚ್ಚದೆ ಒಂದಾದ ಮೇಲೊಂದು ಅಳೆದ ವಿಡಿಯೋ ಕೇಳಿ. ನೀವೇ ಅಳೆಯುವಾಗ ಒಂದು ಎಚ್ಚರ ಬೇಕು: ಈ ಮೀಟರುಗಳ 10A ತೂತಿಗೆ ಸಾಮಾನ್ಯವಾಗಿ ಫ್ಯೂಸ್ ಇರುವುದಿಲ್ಲ, ಹತ್ತು ಹದಿನೈದು ಸೆಕೆಂಡಿಗಿಂತ ಹೆಚ್ಚು ಹೊತ್ತು ಕರೆಂಟು ಹರಿಸಬಾರದು. ಒಂದಕ್ಕೊಂದು ಸರಣಿಯಾಗಿ ಜೋಡಿಸಿದ ಪ್ಯಾನೆಲುಗಳ ಮೇಲೆ ಶಾರ್ಟ್ ಸರ್ಕ್ಯೂಟ್ ಪರೀಕ್ಷೆಯನ್ನು ಮಾಡಲೇಬಾರದು, ವೈರು ಬಿಡಿಸುವಾಗ ಏಳುವ ಡಿಸಿ ಕಿಡಿ ಬೇಗ ಆರುವುದಿಲ್ಲ.

ನಾಲ್ಕರಲ್ಲಿ ಎರಡು ಪ್ಯಾನೆಲುಗಳು ಪರವಾಗಿಲ್ಲ ಎನ್ನುವಂತಿದ್ದವು, ಉಳಿದೆರಡನ್ನು ವಾಪಸು ತೆಗೆದುಕೊಳ್ಳಲು ಮಾರಾಟಗಾರರು ಒಪ್ಪಲಿಲ್ಲ. ಅರ್ಧ ಪವರ್ ಆದರೂ ಬರಲಿ ಎಂದು ಭಾವನವರು ಅವನ್ನೂ ಮಾಡಿನ ಮೇಲೆ ಇಡಲು ಹೊರಟಿದ್ದರು. ನಾನು ಬೇಡವೆಂದೆ: 4.2 ಆಂಪಿಯರಿನ ವರ್ಗವನ್ನು 1.2ರಿಂದ ಗುಣಿಸಿದರೆ ಸುಮಾರು 21 ವ್ಯಾಟ್, ಅಷ್ಟು ಶಾಖವೂ ಆ ಬೆಸುಗೆಯ ಸುತ್ತಲಿನ ಚೂರು ಜಾಗದಲ್ಲೇ ಬಿಸಿಲು ಚೆನ್ನಾಗಿರುವಷ್ಟು ಹೊತ್ತೂ ಹುಟ್ಟುತ್ತಿರುತ್ತದೆ, ಮತ್ತು ಆ ಮಾಡಿನ ಕೆಳಗೆ ಅಟ್ಟದ ತುಂಬ ಒಣಗಿದ ಅಡಿಕೆ ಇರುತ್ತದೆ.