ಅಗ್ಗದ ಸಿಲಿಕಾನ್ ದಿಂಡಿನ ಬಿಲ್ಲೆ ಕೊಳ್ಳುವವರು ಬಾಲದ ತುದಿಯನ್ನೂ ನೋಡಿ

ಕಲಬುರಗಿಯ ಒಂದು ಕಾಲೇಜು ಪ್ರಯೋಗಾಲಯಕ್ಕೆ ಒಂದೇ ದಿಂಡಿನಿಂದ ಕೊಯ್ದ ಸಿಲಿಕಾನ್ ಬಿಲ್ಲೆಗಳು ಬಂದವು. ಜೊತೆಗೆ ಬಂದ ಚೀಟಿಯಲ್ಲಿ ಇದ್ದದ್ದು ಇಷ್ಟು: ಏಕಸ್ಫಟಿಕ, p ಬಗೆ, ರೆಸಿಸ್ಟಿವಿಟಿ ಸುಮಾರು 3.5 ಓಮ್-ಸೆಂ.ಮೀ., ಝೋನ್ ರಿಫೈನ್ ಮಾಡಿದ ಕಚ್ಚಾ ಮಾಲು. ವಿದ್ಯಾರ್ಥಿಗಳು ರಂಜಕ ಹಾಯಿಸಿ ಡಯೋಡ್ ಮಾಡಿದರು. ಹೆಚ್ಚಿನವು ಸರಿಯಾಗೇ ಬಂದವು. ಆದರೆ ಒಂದು ಕಟ್ಟಿನ ಬಿಲ್ಲೆಗಳಲ್ಲಿ ವೋಲ್ಟೇಜ್-ಕರೆಂಟ್ ಗೆರೆ ಎರಡೂ ಕಡೆ ನೆಟ್ಟಗೆ ಹೋಯಿತು, ಅಂದರೆ ಜಂಕ್ಷನ್ನೇ ಇಲ್ಲ. ಕುಲುಮೆ, ಕಾಂಟ್ಯಾಕ್ಟು, ಎಚಿಂಗು ಎಲ್ಲದರ ಮೇಲೂ ಅನುಮಾನ ಪಟ್ಟಿದ್ದಾಯಿತು. ದೋಷ ಇದ್ದದ್ದು ಬಿಲ್ಲೆಯಲ್ಲೇ: ಆ ಕಟ್ಟು n ಬಗೆಯದು. n ಮೇಲೆ ರಂಜಕ ಹಾಯಿಸಿದರೆ ಇನ್ನೂ ಗಟ್ಟಿ n ಆಗುತ್ತದೆ, ಅಷ್ಟೇ.

ಒಂದೇ ದಿಂಡು ಒಂದು ತುದಿಗೆ p, ಇನ್ನೊಂದು ತುದಿಗೆ n ಆಗುವುದು ಹೇಗೆ? ಚೊಕ್ರಾಲ್ಸ್ಕಿ ವಿಧಾನದಲ್ಲಿ ಕ್ವಾರ್ಟ್ಸ್ ಮೂಸೆಯಲ್ಲಿ 1414 ಡಿಗ್ರಿಗೆ ಕರಗಿದ ಸಿಲಿಕಾನಿಗೆ ಬೀಜ ಸ್ಫಟಿಕ ತಾಗಿಸಿ, ಆರ್ಗಾನ್ ಹರಿಸುತ್ತ, ನಿಮಿಷಕ್ಕೆ ಒಂದು ಮಿಲಿಮೀಟರ್ ಆಸುಪಾಸಿನ ವೇಗದಲ್ಲಿ ಮೇಲಕ್ಕೆಳೆಯುತ್ತಾರೆ. ಹೆಪ್ಪುಗಟ್ಟುವ ಸ್ಫಟಿಕ ಕಲಬೆರಕೆಯನ್ನೆಲ್ಲ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಬೋರಾನ್ ಸಿಲಿಕಾನನ್ನು p ಬಗೆಯದಾಗಿಸುತ್ತದೆ, ರಂಜಕ n ಬಗೆಯದಾಗಿಸುತ್ತದೆ. ದ್ರವದಲ್ಲಿರುವುದರಲ್ಲಿ ಬೋರಾನ್ 0.8 ಪಾಲು, ರಂಜಕ 0.35 ಪಾಲು ಮಾತ್ರ ಒಳಗೆ ಹೋಗುತ್ತವೆ. ಈ ಸಂಖ್ಯೆಯೇ ಸೆಗ್ರಿಗೇಶನ್ ಗುಣಾಂಕ k. ಉಳಿದದ್ದು ಮೂಸೆಯಲ್ಲೇ ನಿಂತು, ದ್ರವ ಕಮ್ಮಿಯಾದಂತೆ ಸಾಂದ್ರವಾಗುತ್ತ ಹೋಗುತ್ತದೆ. g ಎಂದರೆ ಈಗಾಗಲೇ ಹೆಪ್ಪುಗಟ್ಟಿದ ಭಾಗ, C0 ಎಂದರೆ ಮೊದಲು ಮೂಸೆಯಲ್ಲಿದ್ದ ಕಲಬೆರಕೆಯ ಸಾಂದ್ರತೆ, C ಎಂದರೆ ಆಗ ಹೆಪ್ಪುಗಟ್ಟುವ ಸ್ಫಟಿಕದಲ್ಲಿನ ಸಾಂದ್ರತೆ ಎಂದಿಟ್ಟುಕೊಂಡರೆ ಲೆಕ್ಕ ಹೀಗೆ:

```
C = k * C0 * (1 - g)^(k - 1)
```

ಈ ದಿಂಡಿಗೆ ಹೊಂದುವ ಉದಾಹರಣೆ ನೋಡಿ. ಮೂಸೆಯಲ್ಲಿ ಘನ ಸೆಂಟಿಮೀಟರಿಗೆ ಬೋರಾನ್ 1×10¹⁶, ರಂಜಕ 1.2×10¹⁶ ಪರಮಾಣು ಇವೆ ಅನ್ನಿ. ದ್ರವದಲ್ಲಿ ರಂಜಕವೇ ಹೆಚ್ಚು. ಆದರೂ ಮೊದಲು ಬೆಳೆಯುವ ಬೀಜದ ತುದಿಗೆ, 10¹⁶ರ ಲೆಕ್ಕದಲ್ಲಿ, ಬೋರಾನ್ 0.8, ರಂಜಕ 0.42 ಬರುತ್ತದೆ. ಮಿಕ್ಕಿದ 0.38 ಬೋರಾನ್, ಹಾಗಾಗಿ p ಬಗೆ, ಸುಮಾರು 3.6 ಓಮ್-ಸೆಂ.ಮೀ. ಚೀಟಿ ಹೇಳಿದ್ದು ಈ ತುದಿಯ ಮಾತು, ಅದು ಸುಳ್ಳಲ್ಲ. 60 ಶೇಕಡಾ ಬೆಳೆದಾಗ ಅಂತರ 0.2ಕ್ಕೆ ಇಳಿದು ರೆಸಿಸ್ಟಿವಿಟಿ ಸುಮಾರು 7 ಆಗುತ್ತದೆ, 70 ಶೇಕಡಾದಲ್ಲಿ 13ರ ಹತ್ತಿರ, 75ರಲ್ಲಿ 60ರ ಆಸುಪಾಸು. 76 ಶೇಕಡಾದಲ್ಲಿ ಎರಡೂ ಸಮವಾಗುತ್ತವೆ. ಅಲ್ಲಿಂದಾಚೆಗೆ ರಂಜಕದ್ದೇ ಮೇಲುಗೈ. 90ಕ್ಕೆ ಬಂದಾಗ ಒಂದು ಓಮ್-ಸೆಂ.ಮೀ.ಗಿಂತ ಕಡಿಮೆಯ n ಬಗೆ.

ಇಲ್ಲೇ ಜನ ಮೋಸ ಹೋಗುವುದು. ನಾಲ್ಕು ಮೊನೆಯ ಪ್ರೋಬ್ ಇಟ್ಟು ಅಳೆದಾಗ ನಡುವಿನ ಬಿಲ್ಲೆಗಳ ರೆಸಿಸ್ಟಿವಿಟಿ ಏರುತ್ತ ಹೋದರೆ, ‘ಇವು ಇನ್ನೂ ಚೊಕ್ಕ’ ಅನ್ನಿಸುತ್ತದೆ. ನಿಜಕ್ಕೂ ಅಲ್ಲಿ ಕಲಬೆರಕೆ ಬೀಜದ ತುದಿಗಿಂತ ಜಾಸ್ತಿ. ಬೋರಾನ್ ಮತ್ತು ರಂಜಕ ಒಂದನ್ನೊಂದು ಹೊಡೆದುಹಾಕಿದ್ದರಿಂದ ಓದು ಏರಿದೆ. ಬೋರಾನ್ ಮಾತ್ರ ಹಾಕಿದ ದಿಂಡಿನಲ್ಲಿ ಬಾಲದ, ಅಂದರೆ ಕೊನೆಗೆ ಬೆಳೆದ ತುದಿಯ, ಕಡೆಗೆ ರೆಸಿಸ್ಟಿವಿಟಿ ಇಳಿಯಬೇಕು. ಏರಿತೆಂದರೆ ತಕ್ಷಣ ಅನುಮಾನಿಸಿ.

‘ಝೋನ್ ರಿಫೈನ್’ ಎಂಬ ಮಾತಿಗೂ ಮರುಳಾಗಬೇಡಿ. 1952ರಲ್ಲಿ ಬೆಲ್ ಲ್ಯಾಬ್ಸ್‌ನ ಡಬ್ಲ್ಯೂ. ಜಿ. ಫಾನ್ ಪ್ರಕಟಿಸಿದ ಈ ವಿಧಾನದಲ್ಲಿ ಕರಗಿದ ಕಿರು ಪಟ್ಟಿಯನ್ನು ದಿಂಡಿನ ಉದ್ದಕ್ಕೂ ಸರಿಸುತ್ತಾರೆ. ಕಬ್ಬಿಣದ k ಲಕ್ಷದಲ್ಲಿ ಒಂದು ಪಾಲಿಗೂ ಕಮ್ಮಿ, ಅದು ಬಾಲಕ್ಕೆ ಗುಡಿಸಿಕೊಂಡು ಹೋಗುತ್ತದೆ. ಬೋರಾನ್ ಮಾತ್ರ ಒಂದು ಹಾಯಿಗೆ ಮೊದಲ ತುದಿಯಲ್ಲೂ 20 ಶೇಕಡಾ ಅಷ್ಟೇ ಕಡಿಮೆಯಾಗುತ್ತದೆ, ಮುಂದಕ್ಕೆ ಹೋದಂತೆ ಅದೂ ಇಲ್ಲ. ಅದನ್ನು ತೆಗೆಯಬೇಕಾದದ್ದು ಮೊದಲೇ, ಟ್ರೈಕ್ಲೋರೋಸಿಲೇನ್ ಬಟ್ಟಿ ಇಳಿಸುವ ಹಂತದಲ್ಲಿ. ಹಲವು ಸಲ ಹಾಯಿಸಿ ಬಾಲ ಕತ್ತರಿಸಿದ್ದರೆ ರಂಜಕವಾದರೂ ಇಷ್ಟು ಉಳಿಯುತ್ತಿರಲಿಲ್ಲ. ಹಾಗಾಗಿ ಆ ದಿಂಡಿನ ಮಟ್ಟಿಗೆ ಚೀಟಿಯ ಆ ಸಾಲನ್ನು ನಂಬಲಾಗದು.

ದುಡ್ಡು ಕೊಡುವ ಮೊದಲು ಬಿಸಿ ಪ್ರೋಬ್ ಪರೀಕ್ಷೆ ಮಾಡಿ. ಬಿಲ್ಲೆಯನ್ನು ಸಿಲಿಕಾನ್ ಕಾರ್ಬೈಡ್ ಕಾಗದದಿಂದ ಉಜ್ಜಿ, ಮಲ್ಟಿಮೀಟರನ್ನು ಡಿಸಿ ಮಿಲಿವೋಲ್ಟಿಗಿಟ್ಟು, ಪ್ಲಸ್ ತಂತಿಯನ್ನು ಬೆಸುಗೆ ಕಡ್ಡಿಯ ಬಿಸಿ ತುದಿಗೆ ಕಟ್ಟಿ, ಮೈನಸ್ ಮೊನೆಯನ್ನು ತಣ್ಣನೆಯ ಜಾಗಕ್ಕೆ ಒತ್ತಿ. ಪ್ಲಸ್ ತೋರಿಸಿದರೆ n, ಮೈನಸ್ ತೋರಿಸಿದರೆ p. ಕಡ್ಡಿಯ ಪ್ಲಗ್ ತೆಗೆದು, ನೂರು ಡಿಗ್ರಿ ಆಸುಪಾಸಿಗೆ ಆರಿದ ಮೇಲೆ ಮುಟ್ಟಿಸಿ. ತುದಿ ಸಿಕ್ಕಾಪಟ್ಟೆ ಕಾದಿದ್ದರೆ ಕಡಿಮೆ ಡೋಪ್ ಆದ p ಬಿಲ್ಲೆಯೂ n ಎಂದು ತೋರಿಸಬಹುದು. ರೆಸಿಸ್ಟಿವಿಟಿಯನ್ನು ಬೆಳಕು ಬೀಳದಂತೆ ಮುಚ್ಚಿ ಅಳೆಯಿರಿ. ನಮ್ಮ ಕಡೆ ಮೇ ತಿಂಗಳಲ್ಲಿ ಎಸಿ ಇಲ್ಲದ ಕೋಣೆ 40 ಡಿಗ್ರಿ ದಾಟುತ್ತದೆ, 23 ಡಿಗ್ರಿಯ ಓದಿಗಿಂತ 10 ಶೇಕಡಾಕ್ಕೂ ಹೆಚ್ಚು ಬರುತ್ತದೆ. ಅದನ್ನು ಮಾಲಿನ ದೋಷ ಎನ್ನಬೇಡಿ.

ಪ್ರತಿ ಬಿಲ್ಲೆಯ ಮೇಲೂ ಅದು ದಿಂಡಿನ ಯಾವ ಜಾಗದ್ದು ಎಂದು ಬರೆದು ಕೊಡಲು ಕೇಳಿ. ಬೀಜ, ನಡು, ಬಾಲ ಮೂರೂ ಕಡೆಯ ಬಗೆ ಮತ್ತು ರೆಸಿಸ್ಟಿವಿಟಿ ಬರಹದಲ್ಲಿ ಇರಲಿ. ಬಾಲದ ಲೆಕ್ಕ ಕೊಡಲು ಒಪ್ಪದವರ ಮಾಲು ಎಷ್ಟೇ ಅಗ್ಗಕ್ಕೆ ಸಿಕ್ಕರೂ ಬೇಡ.