‘ಇಂಡೆಕ್ಸ್ ಮಾರಿ, ಷೇರು ಆಪ್ಷನ್ ಕೊಳ್ಳಿ’: ನಾನು 78,000 ರೂಪಾಯಿ ಕಳೆದುಕೊಂಡ ಲೆಕ್ಕ

ನಾನು ವಿಜಯಪುರದವನು. ಒಣದ್ರಾಕ್ಷಿ ವ್ಯಾಪಾರ ನಮ್ಮ ಮನೆಯ ಕಸುಬು. ನಾಲ್ಕು ವರ್ಷದಿಂದ ಆಪ್ಷನ್ ಟ್ರೇಡಿಂಗ್ ಕೂಡ ಮಾಡುತ್ತಿದ್ದೆ. 2024ರ ಜೂನ್ 4ರಂದು, ಲೋಕಸಭೆ ಚುನಾವಣೆಯ ಎಣಿಕೆ ನಡೆದ ದಿನ, ಒಂದೇ ಬೆಳಗ್ಗೆ 78,000 ರೂಪಾಯಿ ಹೋಯಿತು. ಅದೇ ಟ್ರೇಡನ್ನು ಈಗ ನಮ್ಮ ಊರಿನ ಹುಡುಗರಿಗೆ ‘ರಿಸ್ಕ್ ಇಲ್ಲದ ಹೆಜ್’, ಅಂದರೆ ನಷ್ಟಕ್ಕೆ ರಕ್ಷಣೆ, ಅಂತ ಕಲಿಸುತ್ತಿದ್ದಾರೆ. ಅದಕ್ಕೇ ನನ್ನ ಲೆಕ್ಕವನ್ನು ಬಿಚ್ಚಿಡುತ್ತಿದ್ದೇನೆ.

ಇದರ ಹೆಸರು ಡಿಸ್ಪರ್ಷನ್ ಟ್ರೇಡ್. ಬ್ಯಾಂಕ್ ನಿಫ್ಟಿಯಂಥ ಇಂಡೆಕ್ಸ್‌ನ ಕಾಲ್ ಮತ್ತು ಪುಟ್ ಎರಡನ್ನೂ ಮಾರುತ್ತೀರಿ, ಅಂದರೆ ಸ್ಟ್ರಾಡಲ್ ಮಾರುತ್ತೀರಿ. ಬೆಲೆ ಏರಿದರೆ ಹಣ ಕೊಡುವ ಆಪ್ಷನ್ ಕಾಲ್, ಇಳಿದರೆ ಕೊಡುವುದು ಪುಟ್. ಮಾರಿದವನಿಗೆ ಮೊದಲೇ ಸಿಗುವ ಬೆಲೆ ಪ್ರೀಮಿಯಂ. ಬಂದ ಹಣದಲ್ಲಿ ಅದೇ ಇಂಡೆಕ್ಸ್‌ನ ಒಳಗಿರುವ ಬ್ಯಾಂಕ್ ಷೇರುಗಳ ಸ್ಟ್ರಾಡಲ್ ಕೊಳ್ಳುತ್ತೀರಿ. ಷೇರುಗಳು ಒಂದೊಂದು ದಿಕ್ಕಿಗೆ ಓಡಿದರೆ ನಿಮ್ಮ ಕೊಂಡ ಆಪ್ಷನ್‌ಗಳು ಬೆಳೆಯುತ್ತವೆ. ಒಂದರ ಏರಿಕೆ ಇನ್ನೊಂದರ ಇಳಿಕೆಯನ್ನು ತಿಂದು, ಇಂಡೆಕ್ಸ್ ಮಾತ್ರ ಇದ್ದಲ್ಲೇ ಇರುತ್ತದೆ. ಆಗ ಮಾರಿದ ಪ್ರೀಮಿಯಂ ಬಹುಪಾಲು ನಿಮ್ಮದೇ.

ನನಗೆ ಇದು ಬೇಗ ತಲೆಗೆ ಹತ್ತಿತು, ಯಾಕೆಂದರೆ ನಮ್ಮ ವ್ಯಾಪಾರವೂ ಹಾಗೇ ಇದೆ. ತಿಕೋಟಾ ಕಡೆ ಒಬ್ಬ ರೈತನ ತೋಟಕ್ಕೆ ರೋಗ ಬರುತ್ತದೆ, ಇನ್ನೊಬ್ಬನ ಬೋರ್ ಬತ್ತುತ್ತದೆ, ಮತ್ತೊಬ್ಬನಿಗೆ ಬಂಪರ್ ಬೆಳೆ. ಒಬ್ಬೊಬ್ಬರ ಮಾಲು ಏರುಪೇರಾಗುತ್ತದೆ. ಆದರೆ ಐವತ್ತು ಜನರಿಂದ ಬರುವ ಒಟ್ಟು ಮಾಲು ಅಷ್ಟೇನೂ ಬದಲಾಗುವುದಿಲ್ಲ. ಹಣ್ಣು ರ‍್ಯಾಕಿನ ಮೇಲೆ ಒಣಗುವಾಗ ಅಕಾಲ ಮಳೆ ಬಿದ್ದರೆ ಮಾತ್ರ ಕಥೆ ಬೇರೆ. ಆಗ ಐವತ್ತೂ ಜನರ ಮಾಲು ಒಟ್ಟಿಗೇ ಕೆಡುತ್ತದೆ. ಹೀಗೆ ಎಷ್ಟರ ಮಟ್ಟಿಗೆ ಒಟ್ಟಿಗೆ ಚಲಿಸುತ್ತವೆ ಅನ್ನುವುದೇ ಕೋರಿಲೇಷನ್. ಡಿಸ್ಪರ್ಷನ್ ಟ್ರೇಡ್ ಹಾಕಿದವನು ಅಸಲಿಗೆ ಮಾರುವುದು ಈ ಕೋರಿಲೇಷನ್ ಅನ್ನು. ನನಗೆ ಕಲಿಸಿದವರು ಇದನ್ನು ಒಮ್ಮೆಯೂ ಈ ಮಾತಿನಲ್ಲಿ ಹೇಳಲಿಲ್ಲ.

ಮಾರುಕಟ್ಟೆ ಎಷ್ಟು ಕೋರಿಲೇಷನ್‌ಗೆ ಬೆಲೆ ಕಟ್ಟಿದೆ ಅನ್ನುವುದನ್ನು ಐವಿಗಳಿಂದ, ಅಂದರೆ ಆಪ್ಷನ್ ಬೆಲೆಯಲ್ಲಿ ಅಡಗಿರುವ ಏರಿಳಿತದ ಅಂದಾಜಿನಿಂದ, ಲೆಕ್ಕ ಹಾಕಬಹುದು. ಸುಲಭಕ್ಕೆ ಐದೇ ಷೇರಿನ ಇಂಡೆಕ್ಸ್ ಅಂದುಕೊಳ್ಳಿ. ಪ್ರತಿಯೊಂದರ ತೂಕ 20%, ಪ್ರತಿಯೊಂದರ ಐವಿ 30%. ಇಂಡೆಕ್ಸ್ ಆಪ್ಷನ್‌ನ ಐವಿ 24%. ಕೋರಿಲೇಷನ್ ಅನ್ನು ρ ಅಂತ ಬರೆದರೆ:

```
0.24² = 0.30² × (0.2 + 0.8 × ρ)
ρ = 0.55
```

ಅಂದರೆ ನೀವು ಮಾರಿದ ಕೋರಿಲೇಷನ್ 0.55. ಷೇರುಗಳ ಏರಿಳಿತ ಅಷ್ಟೇ ಇದ್ದು ಕೋರಿಲೇಷನ್ 0.3ಕ್ಕೆ ಇಳಿದರೆ ಇಂಡೆಕ್ಸ್‌ನ ಏರಿಳಿತ ಸುಮಾರು 20%ಗೆ ಬರುತ್ತದೆ, ನಿಮಗೆ ಲಾಭ. ಅದೇ 0.9 ಆದರೆ ಸುಮಾರು 29% ಆಗುತ್ತದೆ. 24ಕ್ಕೆ ಮಾರಿದ್ದನ್ನು 29ಕ್ಕೆ ತೀರಿಸಬೇಕು. ದೊಡ್ಡ ಫಂಡ್‌ಗಳು ಈ ಟ್ರೇಡ್ ಮಾಡುವುದಕ್ಕೆ ಕಾರಣ ಇದೆ. ಪೋರ್ಟ್‌ಫೋಲಿಯೋ ಕಾಪಾಡಿಕೊಳ್ಳುವವರು ಇಂಡೆಕ್ಸ್ ಪುಟ್‌ಗಳನ್ನೇ ಹೆಚ್ಚು ಕೊಳ್ಳುತ್ತಾರೆ, ಹಾಗಾಗಿ ಬೆಲೆಯಲ್ಲಿ ಕಾಣುವ ಕೋರಿಲೇಷನ್ ಸಾಮಾನ್ಯವಾಗಿ ಆಮೇಲೆ ನಿಜಕ್ಕೂ ಆಗುವುದಕ್ಕಿಂತ ಜಾಸ್ತಿ ಇರುತ್ತದೆ. ಆ ವ್ಯತ್ಯಾಸ ಸುಮ್ನೆ ಸಿಗುವ ಹಣವಲ್ಲ. ಎಲ್ಲವೂ ಒಟ್ಟಿಗೆ ಬೀಳುವ ದಿನದ ವಿಮೆಗೆ ಕಂಪನಿ ತೆಗೆದುಕೊಳ್ಳುವ ಕಂತು ಅದು. ಇಲ್ಲಿ ಆ ಕಂಪನಿ ನೀವೇ.

ಈಗ ನಾನು ಸಿಕ್ಕಿಬಿದ್ದ ಜಾಗಕ್ಕೆ ಬರುತ್ತೇನೆ. ದಯವಿಟ್ಟು ಇದನ್ನು ನಿಧಾನವಾಗಿ ಓದಿ.

ಇಂಡೆಕ್ಸ್ 100 ರೂಪಾಯಿಯಲ್ಲಿದೆ, ಅದರ ಸ್ಟ್ರಾಡಲ್ ಮಾರಿ 8 ರೂಪಾಯಿ ಪಡೆದಿರಿ ಅಂದುಕೊಳ್ಳಿ. ಒಳಗಿನ ಷೇರುಗಳ ಸ್ಟ್ರಾಡಲ್ ಪೂರ್ತಿ ತೂಕಕ್ಕೆ ಕೊಳ್ಳಲು 10 ರೂಪಾಯಿ ಬೇಕು. ಕೈಯಿಂದ 2 ರೂಪಾಯಿ ಹೋಯಿತು. ಸ್ಟ್ರೈಕ್‌ಗಳು, ಅಂದರೆ ಆಪ್ಷನ್‌ನಲ್ಲಿ ಗೊತ್ತುಮಾಡಿದ ಬೆಲೆಗಳು, ಸರಿಯಾಗಿ ಕೂತು, ಆಪ್ಷನ್ ಮುಗಿಯುವ ದಿನವಾದ ಎಕ್ಸ್‌ಪೈರಿ ಒಂದೇ ಇದ್ದರೆ, ಕೊನೆಯವರೆಗೆ ಇಟ್ಟುಕೊಂಡವನಿಗೆ ಅದಕ್ಕಿಂತ ಹೆಚ್ಚು ನಷ್ಟ ಆಗುವುದಿಲ್ಲ. ಐದೂ ಷೇರು 15% ಬಿದ್ದರೆ ಇಂಡೆಕ್ಸ್‌ನಲ್ಲಿ 15 ಕೊಡುತ್ತೀರಿ, ಷೇರುಗಳಿಂದ 15 ಬರುತ್ತದೆ. ಎರಡು ಷೇರು 15% ಏರಿ, ಮೂರು 15% ಬಿದ್ದರೆ ಇಂಡೆಕ್ಸ್ ಇಳಿಯುವುದು 3% ಮಾತ್ರ. 3 ಕೊಟ್ಟು 15 ಪಡೆದು, ಖರ್ಚು ಕಳೆದರೂ 10 ಉಳಿಯುತ್ತದೆ.

ಆದರೆ ಆ 2 ರೂಪಾಯಿ ದಿನಾ ಕರಗುವುದನ್ನು ಯಾರಿಗೂ ನೋಡಲಾಗುವುದಿಲ್ಲ. ಅದಕ್ಕೆ ತರಗತಿಯಲ್ಲಿ ಒಂದು ಉಪಾಯ ಹೇಳಿಕೊಟ್ಟರು: ಷೇರುಗಳನ್ನು 80% ಮಾತ್ರ ಕೊಳ್ಳಿ, 8 ಬಂತು, 8 ಹೋಯಿತು, ಖರ್ಚು ಸೊನ್ನೆ. ಕೇಳುವುದಕ್ಕೆ ಚೆನ್ನಾಗಿದೆ ಅಲ್ವಾ? ಈಗ ಎಲ್ಲವೂ 15% ಬಿದ್ದರೆ 15 ಕೊಡುತ್ತೀರಿ, 12 ಬರುತ್ತದೆ. 30% ಬಿದ್ದರೆ 30 ಕೊಟ್ಟು 24 ಪಡೆಯುತ್ತೀರಿ. ನಷ್ಟಕ್ಕಿದ್ದ ತಡೆ ಹೋಗಿಬಿಟ್ಟಿತು. ಮಾರಿದ್ದರಲ್ಲಿ ಐದನೇ ಒಂದು ಭಾಗಕ್ಕೆ ಯಾವ ರಕ್ಷಣೆಯೂ ಇಲ್ಲ. ಇದನ್ನು ಹೆಜ್ ಅಂತ ಕರೆಯುವುದು ತಪ್ಪು.

ನಾನು ಮಾಡಿದ್ದು ಇದನ್ನೇ. ಎಕ್ಸಿಟ್ ಪೋಲ್ ಬಂದ ಮೇಲೆ ಜೂನ್ 3ರ ಸೋಮವಾರ ಮಾರುಕಟ್ಟೆ ಭಾರಿ ಏರಿತ್ತು. ಬ್ಯಾಂಕ್ ನಿಫ್ಟಿ 51,000ದ ಹತ್ತಿರ ಇತ್ತು. ಇಂಡೆಕ್ಸ್ ಐವಿ ಎತ್ತರದಲ್ಲಿತ್ತು, ಮಾರಲು ಒಳ್ಳೆ ಬೆಲೆ ಅನಿಸಿತು. ಜೂನ್ ತಿಂಗಳ 51,000 ಸ್ಟ್ರಾಡಲ್‌ನ ನಾಲ್ಕು ಲಾಟ್ ಮಾರಿದೆ. ಲಾಟ್ ಅಂದರೆ ಒಮ್ಮೆಗೆ ಕೊಳ್ಳಲೇಬೇಕಾದ, ಮಾರಲೇಬೇಕಾದ ಕಟ್ಟು. ಆಗ ಅದು 15ರದ್ದು, ಒಟ್ಟು 60. ಇದರ ಪೂರ್ಣ ಮೌಲ್ಯ ಸುಮಾರು 30.6 ಲಕ್ಷ. ಇನ್ನೊಂದು ಕಡೆ ಎಚ್‌ಡಿಎಫ್‌ಸಿ ಬ್ಯಾಂಕ್, ಐಸಿಐಸಿಐ ಬ್ಯಾಂಕ್, ಆಕ್ಸಿಸ್ ಬ್ಯಾಂಕ್‌ನ ಸ್ಟ್ರಾಡಲ್ ಒಂದೊಂದು ಲಾಟ್ ಕೊಂಡೆ. ಮೂರೂ ಸೇರಿ ಸುಮಾರು 24 ಲಕ್ಷದ ಮೌಲ್ಯ. ಎಸ್‌ಬಿಐ ಬಿಟ್ಟೆ. ಅದರ ಒಂದು ಲಾಟ್ ಕೂಡ ನನ್ನ ಹಣಕ್ಕೆ ಜಾಸ್ತಿಯಾಗುತ್ತಿತ್ತು, ಇಂಡೆಕ್ಸ್‌ನಲ್ಲಿ ಅದರ ತೂಕಕ್ಕೂ ಹೊಂದುತ್ತಿರಲಿಲ್ಲ. ಸಣ್ಣ ಖಾತೆಯವರ ನಿಜವಾದ ಕಷ್ಟ ಇದೇ. ಲಾಟ್ ಒಡೆದು ಕೊಳ್ಳಲು ಆಗುವುದಿಲ್ಲ, ಹಾಗಾಗಿ ಬುಟ್ಟಿ ಇಂಡೆಕ್ಸ್‌ಗೆ ಹೊಂದುವುದೇ ಇಲ್ಲ.

ಕಲಿಸಿದವನಿಗೆ ಫೋನ್ ಮಾಡಿ ಕೇಳಿದೆ. “ಅಣ್ಣಾ, ಒಂದು ಕಡೆ ಹೋದ್ರ ಇನ್ನೊಂದು ಕಡೆ ಬರ್ತೈತಿ, ಚಿಂತಿ ಮಾಡಬ್ಯಾಡ್ರಿ” ಅಂದ. ಅಪ್ಪ ಮಾತ್ರ ಪಕ್ಕದಲ್ಲಿ ಕೂತು ಕೇಳಿಸಿಕೊಂಡು, “ಎಲ್ಲಾ ಒಮ್ಮೆಲೆ ಬಿದ್ರ?” ಅಂತ ಒಂದೇ ಪ್ರಶ್ನೆ ಕೇಳಿದರು. ನಾನು ಉತ್ತರ ಕೊಡಲಿಲ್ಲ.

ಮಂಗಳವಾರ ಎಣಿಕೆ ನಿರೀಕ್ಷೆಯಂತೆ ನಡೆಯಲಿಲ್ಲ. ನಿಫ್ಟಿ ಸುಮಾರು 6% ಬಿತ್ತು, ಬ್ಯಾಂಕ್ ನಿಫ್ಟಿ ಸುಮಾರು 8%, ಅಂದರೆ 4,000ಕ್ಕೂ ಹೆಚ್ಚು ಅಂಶ. ಎಸ್‌ಬಿಐ ಒಂದೇ ದಿನ ಸುಮಾರು 14% ಬಿತ್ತು. ಇಂಡೆಕ್ಸ್ ಅನ್ನು ಅಷ್ಟು ಕೆಳಗೆ ಎಳೆದದ್ದರಲ್ಲಿ ಅದರ ಪಾಲು ದೊಡ್ಡದು, ನನ್ನ ಹತ್ತಿರ ಅದೇ ಇರಲಿಲ್ಲ. ನಾನು ಹೆಚ್ಚು ನಂಬಿದ್ದ ಎಚ್‌ಡಿಎಫ್‌ಸಿ ಬ್ಯಾಂಕ್ ಇಂಡೆಕ್ಸ್‌ಗಿಂತ ಕಡಿಮೆ ಬಿತ್ತು. ಎಲ್ಲವೂ ಒಂದೇ ದಿಕ್ಕಿಗೆ ಹೋದವು, ಅದರಲ್ಲಿ ನಾನು ಬಿಟ್ಟದ್ದು ನಾನು ಕೊಂಡ ಮೂರಕ್ಕಿಂತಲೂ ಜೋರಾಗಿ ಹೋಯಿತು.

ಹಾಗಿದ್ದರೂ ತಿಂಗಳ ಕೊನೆವರೆಗೆ ಕಾಯಬಹುದಿತ್ತಲ್ಲ ಅಂತ ಕೆಲವರು ಕೇಳುತ್ತಾರೆ. ಕಾಯಲು ಬಿಡಲಿಲ್ಲ. ಮಾರಿದ ಇಂಡೆಕ್ಸ್ ಆಪ್ಷನ್‌ಗೆ ಬ್ರೋಕರ್ ಬಳಿ ಇಡಬೇಕಾದ ಭದ್ರತಾ ಹಣ, ಅಂದರೆ ಮಾರ್ಜಿನ್, ಗಂಟೆಗಂಟೆಗೂ ಏರುತ್ತಿತ್ತು. ಕೊಂಡ ಷೇರು ಆಪ್ಷನ್‌ಗಳಲ್ಲಿ ಲಾಭ ಕಾಣುತ್ತಿತ್ತು, ಆದರೆ ಅವನ್ನು ಮಾರುವವರೆಗೆ ಆ ಲಾಭ ನನ್ನ ಖಾತೆಯಲ್ಲಿ ಮಾರ್ಜಿನ್ ಆಗಿ ಬರಲಿಲ್ಲ. ಎರಡೂ ಒಂದೇ ಟ್ರೇಡ್ ಅನ್ನುವುದು ನನ್ನ ತಲೆಯಲ್ಲಿತ್ತೇ ಹೊರತು ಬ್ರೋಕರ್‌ನ ಲೆಕ್ಕದಲ್ಲಿ ಇರಲಿಲ್ಲ. ಮಧ್ಯಾಹ್ನಕ್ಕೂ ಮೊದಲೇ ಹಣ ತುಂಬಿ ಅಂತ ಮೆಸೇಜ್ ಬಂತು. ತುಂಬಲು ಇರಲಿಲ್ಲ. ಷೇರು ಆಪ್ಷನ್ ಮಾರಲು ಹೋದರೆ ಕೊಳ್ಳುವ ಬೆಲೆಗೂ ಮಾರುವ ಬೆಲೆಗೂ ನಡುವೆ ದೊಡ್ಡ ಕಂದಕ. ಸ್ಕ್ರೀನ್ ಮೇಲೆ ತೋರಿಸುತ್ತಿದ್ದ ಲಾಭದಲ್ಲಿ ಒಂದು ಪಾಲು ಅಲ್ಲೇ ಹೋಯಿತು. ಇಂಡೆಕ್ಸ್ ಕಡೆ 1,26,000 ನಷ್ಟ, ಷೇರುಗಳ ಕಡೆ 48,000 ಲಾಭ. ಉಳಿದದ್ದು 78,000 ನಷ್ಟ. ಮರುದಿನ, ಜೂನ್ 5ರಂದು, ಬ್ಯಾಂಕ್ ನಿಫ್ಟಿ 2,000 ಅಂಶಕ್ಕಿಂತ ಹೆಚ್ಚು ಏರಿತು. ಅಷ್ಟರಲ್ಲಿ ನನ್ನ ಹತ್ತಿರ ಏನೂ ಇರಲಿಲ್ಲ.

ನನ್ನ ದೊಡ್ಡ ತಪ್ಪು ದಿನದ ಆಯ್ಕೆ. ಚುನಾವಣೆ, ಬಜೆಟ್, ರಿಸರ್ವ್ ಬ್ಯಾಂಕ್ ನೀತಿ, ಇವೆಲ್ಲ ಎಲ್ಲ ಬ್ಯಾಂಕುಗಳಿಗೂ ಒಟ್ಟಿಗೆ ಬೀಳುವ ಮಳೆ. ಅಂಥ ದಿನದ ಹಿಂದಿನ ಸಂಜೆ ಕೋರಿಲೇಷನ್ ದುಬಾರಿಯಾಗಿ ಕಾಣುವುದು ಸರಿಯಾಗೇ ಇದೆ. ಈ ಟ್ರೇಡ್‌ಗೆ ಹೊಂದುವುದು ಕಂಪನಿಗಳ ತ್ರೈಮಾಸಿಕ ಫಲಿತಾಂಶದ ದಿನಗಳು, ಆಗ ಒಬ್ಬೊಬ್ಬರದು ಒಂದೊಂದು ಕಥೆ. ಅದರಲ್ಲೂ ಬ್ಯಾಂಕ್ ನಿಫ್ಟಿ ಇದಕ್ಕೆ ಕೆಟ್ಟ ಆಯ್ಕೆ. ಒಂದೇ ಕಸುಬಿನ ಕೆಲವೇ ಷೇರು, 2024ರಲ್ಲಿ ಅದರಲ್ಲಿ ಎರಡರದ್ದೇ ಅರ್ಧದಷ್ಟು ತೂಕ ಇತ್ತು. 2024ರ ಜನವರಿ 17ರಂದು ಫಲಿತಾಂಶದ ನಂತರ ಎಚ್‌ಡಿಎಫ್‌ಸಿ ಬ್ಯಾಂಕ್ 8%ಗಿಂತ ಹೆಚ್ಚು ಬಿದ್ದಾಗ ಬ್ಯಾಂಕ್ ನಿಫ್ಟಿಯೂ 4%ಗಿಂತ ಹೆಚ್ಚು ಬಿತ್ತು. ಇಲ್ಲಿ ಒಂದೇ ಕಂಪನಿಯ ಸುದ್ದಿ ಕೂಡ ಇಡೀ ಇಂಡೆಕ್ಸ್‌ನ ಸುದ್ದಿಯಾಗಬಹುದು.

ಇನ್ನೊಂದು ಮಾತು. ಷೇರು ಆಪ್ಷನ್‌ಗಳು ಎಕ್ಸ್‌ಪೈರಿಯಲ್ಲಿ ಲಾಭದಲ್ಲಿದ್ದರೆ ಷೇರನ್ನೇ ಕೊಡಬೇಕು ಅಥವಾ ತೆಗೆದುಕೊಳ್ಳಬೇಕು. ಇಂಡೆಕ್ಸ್‌ನದು ಹಣದಲ್ಲೇ ತೀರುತ್ತದೆ. ಎಚ್‌ಡಿಎಫ್‌ಸಿ ಬ್ಯಾಂಕ್‌ನ ಲಾಟ್ ಆಗ 550 ಷೇರಿನದ್ದು, ಅದರ ಬೆಲೆ 8 ಲಕ್ಷದ ಮೇಲೆ. ಕೊನೆಯ ವಾರದಲ್ಲಿ ಅದಕ್ಕೂ ಮಾರ್ಜಿನ್ ಏರುತ್ತಾ ಹೋಗುತ್ತದೆ. ಇದನ್ನು ತರಗತಿಯಲ್ಲಿ ಯಾರೂ ಹೇಳಿರಲಿಲ್ಲ.

ನಿಮ್ಮನ್ನು ಯಾರಾದರೂ ಇಂಥ ತರಗತಿಗೆ ಕರೆದರೆ, ಹಣ ಕಟ್ಟುವ ಮೊದಲು ಅವರ ಮುಂದೆ ಒಂದು ಹಾಳೆ ಇಡಿ. ಮಾರುವ ಇಂಡೆಕ್ಸ್‌ನ ಪೂರ್ಣ ಮೌಲ್ಯ ಎಷ್ಟು, ಕೊಳ್ಳುವ ಷೇರುಗಳ ಒಟ್ಟು ಪೂರ್ಣ ಮೌಲ್ಯ ಎಷ್ಟು, ಎರಡನ್ನೂ ಬರೆಸಿ. ಆಮೇಲೆ ಎಲ್ಲ ಷೇರು ಒಂದೇ ದಿನ 8% ಬಿದ್ದರೆ ಎಷ್ಟು ಹೋಗುತ್ತದೆ, ಅವತ್ತು ಮಧ್ಯಾಹ್ನ ಎಷ್ಟು ಮಾರ್ಜಿನ್ ಕೇಳುತ್ತಾರೆ ಅನ್ನುವುದನ್ನು ಅವರ ಕೈಯಿಂದಲೇ ಬರೆಸಿಕೊಳ್ಳಿ. ಬರೆದುಕೊಡದಿದ್ದರೆ ಎದ್ದು ಬನ್ನಿ.